ಗೀಸರ್‌ಗೆ ಸ್ಮಾರ್ಟ್ ಪ್ಲಗ್ ಹಾಕಿ ಅಗ್ಗದ ಕರೆಂಟಿಗೆ ಕಾಯುವ ಮುನ್ನ

ಪುಣೆಯ ಒಂದು ಫ್ಲ್ಯಾಟಿನ ಬಚ್ಚಲುಮನೆಯಿಂದ ಕಳಚಿದ ಸ್ಮಾರ್ಟ್ ಪ್ಲಗ್ ಇದು. ಹೊರಗಿನಿಂದ ನೋಡಿದರೆ ಲೈವ್ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಬಿಚ್ಚಿದಾಗ ಒಳಗೆ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚಿನ, ಅಂದರೆ ರಿಲೇಯ, ಎರಡು ಕಾಂಟ್ಯಾಕ್ಟುಗಳು ಬೆಸೆದುಕೊಂಡಿದ್ದವು. ಆ್ಯಪಿನಲ್ಲಿ ಪ್ಲಗ್ ದಿನವೂ ಮಧ್ಯಾಹ್ನ ನಾಲ್ಕೂವರೆಗೆ ಆಫ್ ಆಗುತ್ತಿತ್ತು, ನಿಜದಲ್ಲಿ ಗೀಸರಿಗೆ ಇಪ್ಪತ್ನಾಲ್ಕು ಗಂಟೆಯೂ ಕರೆಂಟ್ ಹೋಗುತ್ತಿತ್ತು. ಯಾವ ಹೊತ್ತಿಗೆ ನಲ್ಲಿ ತಿರುಗಿಸಿದರೂ ಬಿಸಿನೀರು ಬರುತ್ತಿದ್ದರೂ ಮನೆಯವರಿಗೆ ಅನುಮಾನ ಬಂದಿರಲಿಲ್ಲ. ಗೀಸರ್ ಚೆನ್ನಾಗಿದೆ ಎಂದುಕೊಂಡಿದ್ದರು. ಬಿಲ್ ಏರಿದ ಮೇಲೆ ಹುಡುಕಾಟ ಶುರುವಾಯಿತು.

ಇಂಥ ಪ್ಲಗ್ ಕೊಳ್ಳಲು ಹೊರಟವರಿಗಾಗಿ, ಕೊಂಡು ಹಾಕಿಸಿದವರಿಗಾಗಿ ಈ ಬರಹ.

ಮೊದಲು ದರದ ಮಾತು. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಬಿಸಿಲಿನ ಹೊತ್ತಿನ ದರ ಮಾಮೂಲಿ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು ಎಂದಿತು. ಆದರೆ ಅದನ್ನು ಯಾರಿಗೆ, ಯಾವಾಗ, ಹೇಗೆ ಕೊಡಬೇಕೆಂದು ಆದೇಶ ಹೊರಡಿಸುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಮಹಾರಾಷ್ಟ್ರದಲ್ಲಿ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ 2025ರ ಜುಲೈಯಿಂದ ಬೆಳಗ್ಗೆ 9ರಿಂದ ಸಂಜೆ 5ರವರೆಗಿನ ಬಳಕೆಗೆ ಯೂನಿಟ್ಟಿಗೆ 80 ಪೈಸೆ ರಿಯಾಯಿತಿ ಬಂತು. ಅಗ್ಗದ ಹೊತ್ತು ಹಗಲಿನದು ಎಂಬುದನ್ನು ಗಮನಿಸಿ. ರಾತ್ರಿ ಹನ್ನೊಂದರ ಮೇಲೆ ಕರೆಂಟ್ ಅಗ್ಗ ಎಂದು ವಿದೇಶದ ವಿಡಿಯೊ ನೋಡಿ ಟೈಮರ್ ಇಡುವವರು ಈಗಲೂ ಇದ್ದಾರೆ. ನಿಮ್ಮ ಬಿಲ್ಲಿನಲ್ಲಿ ಗಂಟೆವಾರು ವಲಯಗಳ ಯೂನಿಟ್ ಬೇರೆಬೇರೆಯಾಗಿ ಅಚ್ಚಾಗಿರದೆ ಒಂದೇ ದರದಲ್ಲಿ ಲೆಕ್ಕ ಹಾಕಿದ್ದರೆ ಟೈಮರಿನಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಕರ್ನಾಟಕದ ಮನೆಗಂತೂ ಈ ಪ್ಲಗ್ ಬರೀ ಖರ್ಚು.

ರಿಯಾಯಿತಿ ಇರುವ ಮನೆಯಲ್ಲಾದರೂ ಎಷ್ಟು ಉಳಿಯುತ್ತದೆ? 25 ಲೀಟರಿನ ಗೀಸರ್ ತೆಗೆದುಕೊಳ್ಳಿ. ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಬೇಕು, ಅಂದರೆ 25 ಲೀಟರ್ ಗುಣಿಸು 35 ಡಿಗ್ರಿ, 875 ಕಿಲೋಕ್ಯಾಲರಿ. ಒಂದು ಯೂನಿಟ್ ಕರೆಂಟ್ ಕೊಡುವುದು 860. ಹಾಗಾಗಿ ಒಂದು ಟ್ಯಾಂಕ್ ಕಾಯಲು 1.02 ಯೂನಿಟ್ ಬೇಕು, ಉಳಿತಾಯ 82 ಪೈಸೆ.

ಈ 82 ಪೈಸೆ ಕೈಗೆ ಬರುವುದು ಸಂಜೆ ಸ್ನಾನ ಮಾಡುವ ಮನೆಗೆ ಮಾತ್ರ. ನಮ್ಮಲ್ಲಿ ಹೆಚ್ಚಿನವರ ಸ್ನಾನ ಬೆಳಗ್ಗೆ. ನಾಲ್ಕು ಗಂಟೆಗೆ ಕಾದ ನೀರು ಮರುದಿನ ಆರಕ್ಕೆ ಬಕೆಟ್ಟಿಗೆ ಬೀಳುವಷ್ಟರಲ್ಲಿ 14 ಗಂಟೆ ಆರಿರುತ್ತದೆ. ಎಷ್ಟು ಆರುತ್ತದೆ ಎಂಬುದು ಗೀಸರಿನ ಸ್ಟಾರ್ ಲೇಬಲ್ಲಿನಲ್ಲೇ ಇದೆ. ನೀರು ಹೊರಗಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿಯಿದ್ದಾಗ 24 ಗಂಟೆಯಲ್ಲಿ ಸೋರುವ ಯೂನಿಟ್ ಅದು. ಅಲ್ಲಿ 0.5 ಇದೆ ಎಂದುಕೊಳ್ಳಿ. ನಮ್ಮ ಲೆಕ್ಕದಲ್ಲಿ ವ್ಯತ್ಯಾಸ 35 ಡಿಗ್ರಿಯಿಂದ ಶುರುವಾಗಿ ಇಳಿಯುತ್ತ ಹೋಗುವುದರಿಂದ 14 ಗಂಟೆಗೆ ಸುಮಾರು 0.2 ಯೂನಿಟ್ ಸೋರುತ್ತದೆ. ಬೆಳಗ್ಗೆ ನೀರು 53 ಡಿಗ್ರಿಗೆ ಬಂದು ನಿಂತಿರುತ್ತದೆ.

ಈಗ ದುಡ್ಡಿಗೆ ತಿರುಗಿಸಿ ನೋಡಿ. ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಬೀಳುವ ಮನೆಯಲ್ಲಿ ಮಧ್ಯಾಹ್ನದ ದರ 6.20. ಮಧ್ಯಾಹ್ನ 1.02 ಯೂನಿಟ್ಟಿಗೆ 6 ರೂಪಾಯಿ 32 ಪೈಸೆ ಕೊಟ್ಟಿರಿ, ಬೆಳಗ್ಗೆ ಕೈಗೆ ಸಿಕ್ಕಿದ್ದು 0.82 ಯೂನಿಟ್ಟಿನಷ್ಟು ಬಿಸಿ. ಅಷ್ಟೇ ಬಿಸಿಯನ್ನು ಬೆಳಗ್ಗೆ ಐದೂವರೆಗೆ ಪೂರಾ ದರದಲ್ಲಿ ಕಾಯಿಸಿಕೊಂಡಿದ್ದರೆ 5 ರೂಪಾಯಿ 74 ಪೈಸೆಗೆ ಮುಗಿಯುತ್ತಿತ್ತು. ಅಗ್ಗದ ಕರೆಂಟ್ ಬಳಸಿ ದಿನಕ್ಕೆ ಐವತ್ತೆಂಟು ಪೈಸೆ ಕಳೆದುಕೊಂಡ ಹಾಗಾಯಿತು. ಎರಡನೆಯವರಿಗೆ ನೀರು ಸಾಲದೆ ಬೆಳಗ್ಗೆ ಆ್ಯಪಿನಲ್ಲಿ ಮತ್ತೆ ಆನ್ ಮಾಡಿದರೆ ಆ ಲೆಕ್ಕ ಬೇರೆ. ಸಂಜೆ ಐದಾರರ ಒಳಗೆ ಸ್ನಾನ ಮುಗಿಸುವವರಿಗೆ ತಿಂಗಳಿಗೆ ಟ್ಯಾಂಕೊಂದಕ್ಕೆ ಇಪ್ಪತ್ತನಾಲ್ಕು ರೂಪಾಯಿ ಉಳಿಯುತ್ತದೆ. ಸಾವಿರ ರೂಪಾಯಿಯ ಪ್ಲಗ್ಗಿನ ದುಡ್ಡು ಹುಟ್ಟಲು ಮೂರು ವರ್ಷ ದಾಟಬೇಕು, ಅಷ್ಟು ದಿನ ಪ್ಲಗ್ ಬಾಳಿದರೆ.

ಬಾಳುವುದಿಲ್ಲ ಏಕೆ ಎಂಬುದಕ್ಕೆ ಬರೋಣ. ಗೋಡೆಯ ಗೀಸರುಗಳು 2000 ಇಲ್ಲವೇ 3000 ವ್ಯಾಟ್. 230 ವೋಲ್ಟಿನಲ್ಲಿ 3000 ವ್ಯಾಟ್ ಎಂದರೆ 13 ಆಂಪಿಯರ್. ವೋಲ್ಟೇಜ್ 250ಕ್ಕೆ ಏರಿದರೆ ಅದೇ ಎಲಿಮೆಂಟ್ 3500 ವ್ಯಾಟ್ ಮೀರಿ, 14 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಪ್ಲಗ್ಗಿನ ಮೇಲೆ 16 ಎಂದು ಬರೆದಿದ್ದರೂ ಉಳಿದ ಅಂತರ ತೆಳು. 10 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಕನ್ವರ್ಷನ್ ಪಿನ್ ಸಿಕ್ಕಿಸಿ ಗೀಸರ್ ಓಡಿಸುವವರ ಬಗ್ಗೆ ಹೇಳುವುದೇ ಬೇಡ.

ಆದರೂ ಸುಡುವುದು ಸಾಮಾನ್ಯವಾಗಿ ರಿಲೇಯಿಂದ ಶುರುವಾಗುವುದಿಲ್ಲ, ಗೋಡೆಯ ಸಾಕೆಟ್ಟಿನಿಂದ. ಹಳೆಯ ಸಾಕೆಟ್ಟಿನ ಹಿತ್ತಾಳೆಯ ಕವಲು ಸಡಿಲಾಗಿ ಪಿನ್ನನ್ನು ಗಟ್ಟಿಯಾಗಿ ಹಿಡಿಯದಿದ್ದರೆ ಅಲ್ಲಿ ರೆಸಿಸ್ಟೆನ್ಸ್ ಬೆಳೆಯುತ್ತದೆ. 0.05 ಓಮ್ ಸಾಕು, 13 ಆಂಪಿಯರಿನಲ್ಲಿ ಆ ಒಂದು ಚುಕ್ಕೆಯಲ್ಲಿ ಎಂಟೂವರೆ ವ್ಯಾಟ್ ಶಾಖ, ಪುಟ್ಟ ಸೋಲ್ಡರಿಂಗ್ ಐರನ್ ಚುಚ್ಚಿಟ್ಟ ಹಾಗೆ. ಸಾದಾ ಪ್ಲಗ್ಗಿನಲ್ಲಿ ಈ ಶಾಖ ತಂತಿಯ ಮೂಲಕ ಒಂದಿಷ್ಟು ಹರಿದು ಹೋಗುತ್ತದೆ. ಸ್ಮಾರ್ಟ್ ಪ್ಲಗ್ಗಿನಲ್ಲಿ ಅದು ನೇರವಾಗಿ ಮುಚ್ಚಿದ ಡಬ್ಬಿಯೊಳಗೆ, ರಿಲೇಯ ಕಾಲಿಗೇ ಬರುತ್ತದೆ. ಮೇಲಾಗಿ ಸ್ಮಾರ್ಟ್ ಪ್ಲಗ್ ಒಂದರ ಬದಲು ಎರಡು ಜೋಡಣೆ ಮಾಡುತ್ತದೆ: ಗೋಡೆಗೆ ಒಂದು, ಗೀಸರಿನ ಪಿನ್ನಿಗೆ ಇನ್ನೊಂದು. ಬಿಸಿಯಾದ ಕಾಂಟ್ಯಾಕ್ಟ್ ಸವೆಯುತ್ತದೆ, ಆನ್ ಆಗುವಾಗ ಪುಟಿದು ಕಿಡಿ ಹಾರುತ್ತದೆ, ಕೊನೆಗೊಂದು ದಿನ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ, ಪೂರ್ತಿ ಲೋಡಿನ ಮೇಲೆ ರಿಲೇ ಮತ್ತೆ ಮತ್ತೆ ಕೂಡಿಕೊಳ್ಳುವುದರಿಂದ ಇದು ಬೇಗ ಆಗುತ್ತದೆ.

ಅಂಟಿದೆಯೋ ಇಲ್ಲವೋ ಎಂದು ಆ್ಯಪ್ ನೋಡಿ ತಿಳಿಯಲಾಗದು. ರಿಲೇಗೆ ಆಫ್ ಆಗು ಎಂದು ಹೇಳಿದ್ದನ್ನಷ್ಟೇ ಆ್ಯಪ್ ತೋರಿಸುತ್ತದೆ. ಆಫ್ ಇದ್ದಾಗ ವ್ಯಾಟ್ ಅಂಕಿಯನ್ನು ತಾನೇ ಸೊನ್ನೆ ಮಾಡಿಬಿಡುವ ಸಾಫ್ಟ್‌ವೇರುಗಳೂ ಇವೆ, ಅದನ್ನೂ ನಂಬಬೇಡಿ. ಹೀಗೆ ನೋಡಿ: ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಬಿಟ್ಟು ಟ್ಯಾಂಕಿಗೆ ತಣ್ಣೀರು ಬರಲಿ, ಥರ್ಮೋಸ್ಟಾಟ್ ಕೂಡಿಕೊಂಡು ಗೀಸರಿನ ದೀಪ ಹತ್ತಲಿ. ಆಮೇಲೆ ಆ್ಯಪಿನಲ್ಲಿ ಆಫ್ ಒತ್ತಿ. ಗೀಸರಿನ ಯಾವ ದೀಪವೂ ಉಳಿಯಬಾರದು. ದೀಪ ಕೆಟ್ಟಿದ್ದರೆ ಮೀಟರಿನ ಹತ್ತಿರ ಹೋಗಿ. ಅದರ ಮೇಲೆ 3200 imp/kWh ಎಂದು ಬರೆದಿದ್ದರೆ 2000 ವ್ಯಾಟಿನ ಗೀಸರ್ ಓಡುವಾಗ ಕೆಂಪು ದೀಪ ಹತ್ತು ಸೆಕೆಂಡಿಗೆ ಹದಿನೆಂಟು ಸಲದಷ್ಟು ಮಿನುಗುತ್ತದೆ. ಆಫ್ ಮಾಡಿದಾಗ ಆ ಓಟ ತಟ್ಟನೆ ನಿಧಾನವಾಗಬೇಕು.

ಪಿನ್ನುಗಳ ಪರೀಕ್ಷೆ ಇನ್ನೂ ಸುಲಭ. ಗೀಸರ್ ಇಪ್ಪತ್ತು ನಿಮಿಷ ಓಡಿದ ಮೇಲೆ ಎಂ.ಸಿ.ಬಿ. ಇಳಿಸಿ ಪ್ಲಗ್ ಕಿತ್ತು ನೋಡಿ. ಪಿನ್ನನ್ನು ಬೆರಳಲ್ಲಿ ಹಿಡಿದಿಡಲಾಗದಷ್ಟು ಬಿಸಿಯಿದ್ದರೆ, ಬಣ್ಣ ಮಾಸಿದ್ದರೆ, ಸುಟ್ಟ ವಾಸನೆ ಬಂದರೆ ಪ್ಲಗ್ ಜತೆಗೆ ಸಾಕೆಟ್ಟನ್ನೂ ಬದಲಿಸಿ. ಪ್ಲಗ್ ಮಾತ್ರ ಬದಲಿಸಿದವರ ಹೊಸ ಪ್ಲಗ್ಗೂ ಅದೇ ದಾರಿ ಹಿಡಿಯುತ್ತದೆ. ಗೀಸರ್ ರಿಪೇರಿಗೆ ಬಿಚ್ಚುವಾಗ ಆ್ಯಪಿನ ಆಫ್ ನೆಚ್ಚಿಕೊಂಡು ಕೈ ಹಾಕುವುದು ಸಾವಿನ ಆಟ. ಪ್ಲಗ್ ಕತ್ತರಿಸುವುದು ಒಂದೇ ತಂತಿಯನ್ನು, ಅದೂ ಒಳಗೆ ಅಂಟದೆ ಇದ್ದರೆ.

ಇನ್ನೊಂದು ಎಡವಟ್ಟು ಕರೆಂಟ್ ಹೋಗಿ ಬಂದಾಗಿನದು. ಮರಳಿ ಬಂದಾಗ ಪ್ಲಗ್ ಆನ್ ಆಗಬೇಕೋ, ಆಫ್ ಇರಬೇಕೋ, ಹಿಂದಿನ ಸ್ಥಿತಿಗೆ ಹೋಗಬೇಕೋ ಎಂಬ ಸೆಟ್ಟಿಂಗ್ ಇರುತ್ತದೆ. ಗೀಸರಿಗೆ ಆಫ್ ಒಂದೇ ಸರಿ. ಆನ್ ಆಗುವ ವೇಳೆಯ ಜತೆಗೆ ಇಟ್ಟ ಆಫ್ ವೇಳೆಯೊಂದನ್ನೇ ನಂಬದೆ, ಇಷ್ಟು ನಿಮಿಷಕ್ಕೆ ತಾನೇ ಆರುವ ಕೌಂಟ್‌ಡೌನ್ ಕೂಡ ಇಡಿ. ನಾಲ್ಕೂವರೆಗೆ ಸರಿಯಾಗಿ ವೈಫೈ ಇಲ್ಲದಿದ್ದರೂ ಅದು ಕೆಲಸ ಮಾಡಬೇಕು. ಟಾಸ್ಮೋಟ ಎಂಬ ಸಾಫ್ಟ್‌ವೇರ್ ಹಾಕಿದ ಪ್ಲಗ್ಗಿಗೆ ಎರಡೂ ಒಂದೇ ಸಾಲಿನಲ್ಲಿ ಆಗುತ್ತವೆ:

```
Backlog PowerOnState 0; PulseTime1 2500
```

ಇಲ್ಲಿ 2500 ಎಂದರೆ 2400 ಸೆಕೆಂಡು, ಅಂದರೆ 40 ನಿಮಿಷ. ನೂರು ಕೂಡಿಸಿ ಬರೆಯುವುದು ಅದರ ಪದ್ಧತಿ. 25 ಲೀಟರ್, 2000 ವ್ಯಾಟಿಗೆ ಮೂವತ್ತೊಂದು ನಿಮಿಷ ಬೇಕಾಗುವುದರಿಂದ 40 ಸಾಕು. ಎಲ್ಲ ಇಟ್ಟ ಮೇಲೆ ರೌಟರ್ ಆರಿಸಿ, ಎಂ.ಸಿ.ಬಿ. ಒಮ್ಮೆ ಇಳಿಸಿ ಏರಿಸಿ, ಪ್ಲಗ್ ಏನು ಮಾಡುತ್ತದೆ ನೋಡಿ. ಇಂಟರ್ನೆಟ್ ಇಲ್ಲದೆ ಗಂಟೆ ಮರೆಯುವ ಪ್ಲಗ್ಗುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ವಾಷಿಂಗ್ ಮಷೀನಿನ ಕಥೆ ಚಿಕ್ಕದು. ಬಟನ್ ಒತ್ತಿದರೆ ಮಾತ್ರ ಶುರುವಾಗುವ ಎಲೆಕ್ಟ್ರಾನಿಕ್ ಮಷೀನಿಗೆ ಪ್ಲಗ್ ಕರೆಂಟ್ ಕೊಟ್ಟರೂ ಅದು ಸುಮ್ಮನೆ ನಿಂತಿರುತ್ತದೆ. ಬೆಳಗ್ಗೆ ಶುರುಮಾಡಿ, ಪ್ಲಗ್ ಆರಿಸಿ, ಹಗಲು ಮುಂದುವರಿಸೋಣ ಎಂದರೆ ಡ್ರಮ್ಮಿನಲ್ಲಿ ನೀರು ನಿಂತು, ಬಾಗಿಲು ಲಾಕಾಗಿ, ಬಟ್ಟೆ ನೆನೆದು ನಾರುತ್ತದೆ. ಕೆಲವು ಮಷೀನು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ನೀರು ತುಂಬಿಕೊಳ್ಳುತ್ತವೆ. ಅದರಲ್ಲೇ ಇರುವ ಡಿಲೇ ಬಟನ್ ಒತ್ತಿ, ಪ್ಲಗ್ ಬೇಡ. ತಣ್ಣೀರಿನಲ್ಲಿ ಒಗೆಯುವವರಿಗೆ ಹೇಗೂ ಕಾಲು ಯೂನಿಟ್ಟೂ ಆಗದ ಕಡೆ ಉಳಿಯುವುದು ಕೆಲವೇ ಪೈಸೆ. ನೀರನ್ನು ಒಳಗೇ ಕಾಯಿಸುವ ಪ್ರೋಗ್ರಾಂ ಹಾಕುವವರಿಗೆ ಮಾತ್ರ ವೇಳೆ ನೋಡುವುದರಲ್ಲಿ ಅರ್ಥವಿದೆ.

ಎರಡು ಮೂರು ಗೀಸರಿದ್ದು, ಸಂಜೆ ಬಳಕೆ ಹೆಚ್ಚಿದ್ದು, ಟೈಮರ್ ಬೇಕೇ ಬೇಕು ಎನ್ನುವವರು ಎಲೆಕ್ಟ್ರೀಷಿಯನ್ನಿಗೆ ಹೇಳಿ ಎಂ.ಸಿ.ಬಿ.ಗಳನ್ನು ಕೂರಿಸಿದ ಡಿ.ಬಿ. ಬಾಕ್ಸಿನಲ್ಲೇ ಮಾಡಿಸಲಿ. ಒಂದೊಂದು ಗೀಸರಿಗೂ 25 ಆಂಪಿಯರಿನ ಮಾಡ್ಯುಲರ್ ಕಾಂಟ್ಯಾಕ್ಟರ್, ಅಂದರೆ ದೊಡ್ಡ ರಿಲೇ, ಕಾಯಿಲ್ 230 ವೋಲ್ಟಿನದು, ಜತೆಗೆ ಒಳಗೆ ಬ್ಯಾಟರಿ ಇರುವ, ಡಿ.ಬಿ.ಯ ಪಟ್ಟಿಗೆ ಸಿಕ್ಕಿಸುವ ಟೈಮರ್. ಪ್ರತಿ ಗೀಸರಿನ ಲೈನಿಗೆ 20 ಆಂಪಿಯರಿನ ಎಂ.ಸಿ.ಬಿ., ಮೇಲೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. ಟೈಮರ್ ಆಡಿಸುವುದು ಕಾಯಿಲನ್ನು ಮಾತ್ರ, ಅದಕ್ಕೆ ಬೇಕಾದ ಕರೆಂಟ್ ಅತ್ಯಲ್ಪ. ದೊಡ್ಡ ಕರೆಂಟ್ ಹರಿಯುವುದು ಸ್ಕ್ರೂ ಬಿಗಿದ ಟರ್ಮಿನಲ್ಲುಗಳಲ್ಲಿ, ಅಗಲವಾದ ಕಾಂಟ್ಯಾಕ್ಟಿನಲ್ಲಿ. ಕಾಂಟ್ಯಾಕ್ಟರ್ ಆನ್ ಇರುವಾಗ ಸಣ್ಣಗೆ ಗುಂಯ್‌ಗುಡುತ್ತದೆ. ಮಲಗುವ ಕೋಣೆಯ ಗೋಡೆಗೆ ಡಿ.ಬಿ. ಇದ್ದರೆ ಅದನ್ನು ಮೊದಲೇ ಹೇಳಿ, ಸದ್ದು ಕಡಿಮೆ ಇರುವ ಮಾದರಿ ತರಿಸಿ.