ಪಿಂಚಣಿಯ ‘8.1 ಪರ್ಸೆಂಟ್’ ಬಡ್ಡಿಯಲ್ಲ, ಸಹಿ ಹಾಕುವ ಮುಂಚೆ ಓದಿ

ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಕಾಕಾ, ಪಿಎಫ್ ಮತ್ತು ಗ್ರಾಚ್ಯುಟಿಯಲ್ಲಿ 20 ಲಕ್ಷ ತೆಗೆದು ಆನ್ಯುಟಿಗೆ ಹಾಕಿದರು. ಅಂದರೆ ಇಡಿಗಂಟನ್ನು ವಿಮಾ ಕಂಪನಿಗೆ ಕೊಟ್ಟು, ಬದುಕಿರುವ ತನಕ ತಿಂಗಳಾ ಪಿಂಚಣಿ ತಗೊಳ್ಳೋದು.

ಏಜೆಂಟ್ ಮನೆಗೇ ಬಂದಿದ್ದ. “ನೋಡ್ರಿ ಕಾಕಾ, 8.1 ಪರ್ಸೆಂಟ್! ಬ್ಯಾಂಕಿನ್ಯಾಗ ಇಷ್ಟು ಯಾರು ಕೊಡ್ತಾರ?” ಅಂದ. 20 ಲಕ್ಷಕ್ಕೆ 8.1ರಂತೆ ವರ್ಷಕ್ಕೆ 1,62,000 ರೂಪಾಯಿ, 12ರಿಂದ ಭಾಗಿಸಿದರೆ ತಿಂಗಳಿಗೆ 13,500. ಲೆಕ್ಕ ಸರಿಯೇ ಇತ್ತು, ದುಡ್ಡೂ ತಪ್ಪದೆ ಬರುತ್ತಿತ್ತು.

18 ಕಂತು ಬಂದ ಮೇಲೆ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಇನ್ನು ಪಿಂಚಣಿ ತಮಗೆ ಬರುತ್ತದೆ, ಇಲ್ಲವೇ 20 ಲಕ್ಷ ವಾಪಸ್ ಸಿಗುತ್ತದೆ ಅಂತ ಕಾಕು ಅಂದುಕೊಂಡಿದ್ದರು. ಎರಡೂ ಇಲ್ಲ. ಬಂದದ್ದು ಒಟ್ಟು 2,43,000. ಉಳಿದ 17,57,000 ಕಂಪನಿಯ ಪಾಲು. ಬಾಂಡ್ ತೆಗೆದು ನೋಡಿದರೆ ‘ಜೀವಮಾನ ಪಿಂಚಣಿ, ಖರೀದಿ ಮೊತ್ತ ವಾಪಸಾತಿ ಇಲ್ಲ’ ಅಂತ ಒಂದೇ ಸಾಲು, ಸಣ್ಣ ಅಕ್ಷರದಲ್ಲಿ. ಕಾನೂನಿನ ಪ್ರಕಾರ ಕಂಪನಿಯದು ತಪ್ಪಿಲ್ಲ. ಆದರೆ ಆ ಸಾಲನ್ನು ಏಜೆಂಟ್ ಬಾಯಿಬಿಟ್ಟು ಹೇಳಲೇ ಇಲ್ಲ, ನನಗೆ ಸಿಟ್ಟು ಅದಕ್ಕೇ.

ಬ್ಯಾಂಕಿನ ಎಫ್‌ಡಿಯಲ್ಲಿ ಬಡ್ಡಿ ತಿಂದರೂ ಅಸಲು ಹಾಗೇ ಇರುತ್ತದೆ. ಈ 8.1ರಲ್ಲಿ ಬಡ್ಡಿಯ ಜೊತೆ ನಿಮ್ಮ ಅಸಲೂ ಚೂರುಚೂರಾಗಿ ವಾಪಸ್ ಬರುತ್ತಿರುತ್ತದೆ. 20 ಲಕ್ಷವನ್ನು 1.62 ಲಕ್ಷದಿಂದ ಭಾಗಿಸಿ ನೋಡಿ, ಹಾಕಿದ ದುಡ್ಡು ಕೈಗೆ ಬರೋಕೇ 12 ವರ್ಷ ದಾಟುತ್ತದೆ. ಬೇಗ ತೀರಿಕೊಂಡವರ ಉಳಿಕೆಯಿಂದಲೂ ಹೆಚ್ಚು ಕಾಲ ಬದುಕಿದವರಿಗೆ ಪಿಂಚಣಿ ಹೋಗುತ್ತದೆ. ದರ ಎತ್ತರ ಇರೋದು ಅದಕ್ಕೇ. ಹಿಂದೆ ಮುಂದೆ ಯಾರೂ ಇಲ್ಲದ, ಗಟ್ಟಿಮುಟ್ಟಾದ ಮನುಷ್ಯನಿಗೆ ಇದು ಕೆಟ್ಟ ಯೋಜನೆ ಏನಲ್ಲ. ಹೆಂಡತಿಗೆ ಬೇರೆ ಆದಾಯವಿಲ್ಲದ ಮನೆಗೆ ಮಾತ್ರ ಬೇಡವೇ ಬೇಡ.

ಕಾಕಾ ಸಹಿ ಹಾಕಿದ ಅರ್ಜಿಯ ಹಾಳೆಯಲ್ಲೇ, ಕೆಳಗಿನ ಸಾಲಿನಲ್ಲಿ ಇನ್ನೊಂದು ಆಯ್ಕೆ ಇತ್ತು. ಗಂಡ ಹೋದರೆ ಹೆಂಡತಿಗೆ ಪೂರ್ತಿ ಪಿಂಚಣಿ, ಇಬ್ಬರ ನಂತರ ನಾಮಿನಿಗೆ 20 ಲಕ್ಷ. ದರ 6.6, ಅಂದರೆ ತಿಂಗಳಿಗೆ 11,000. ತಿಂಗಳಿಗೆ 2,500 ಜಾಸ್ತಿ ಅಂತ ಏಜೆಂಟ್ ಮೇಲಿನ ಸಾಲಿಗೆ ಟಿಕ್ ಹಾಕಿಸಿದ್ದ, ಅಷ್ಟೇ.

ನಿಮ್ಮ ಮನೆಯಲ್ಲೂ ಯಾರಾದರೂ ಈಗಷ್ಟೇ ಆನ್ಯುಟಿ ತಗೊಂಡಿದ್ದರೆ, ಇವತ್ತೇ ಬಾಂಡ್ ತೆಗೆದು ಆಯ್ಕೆಯ ಸಾಲು ಓದಿ. ಬಾಂಡ್ ಕೈಗೆ ಬಂದ 30 ದಿನದೊಳಗೆ ‘ಫ್ರೀ ಲುಕ್’ ಅಂತ ಬರೆದುಕೊಟ್ಟು ರದ್ದು ಮಾಡಿಸಬಹುದು. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಆ ಅವಧಿ ಕಳೆದರೆ, ಕಾಕಾ ತಗೊಂಡಂಥ ಆಯ್ಕೆಯಲ್ಲಿ ಸಾಮಾನ್ಯವಾಗಿ ದುಡ್ಡು ಹಿಂದಕ್ಕೆ ಪಡೆಯೋಕೆ ದಾರಿಯೇ ಇರೋದಿಲ್ಲ.