ಒಲೆಗೆ 30 ಇಂಚು, ಹೆಚ್ಚೋಕೆ 34: ಮೂರು ಅಡುಗೆಮನೆ ಕಟ್ಟೆಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡು ಎತ್ತರದ ಎಲ್ ಆಕಾರದ ಕಟ್ಟೆಗೆ. ಒಲೆ ಇರುವ ಕಡೆ 30 ಇಂಚು, ಸಿಂಕ್ ಮತ್ತು ತರಕಾರಿ ಹೆಚ್ಚುವ ಕಡೆ 34 ಇಂಚು. ಈಗ ನಮ್ಮ ಮನೆಯಲ್ಲಿರುವುದು ಇದೇ. ಇದಕ್ಕೆ ಮುಂಚೆ ಬಾಡಿಗೆ ಮನೆಯಲ್ಲಿ ಎದುರುಬದುರು ಕಟ್ಟೆ ಇತ್ತು. ಮನೆ ಕೆಲಸ ಮುಗಿಯುವ ತನಕ ಅಕ್ಕನ ಫ್ಲ್ಯಾಟಿನಲ್ಲಿದ್ದೆವು. ಅಲ್ಲಿ ಎಲ್ ಆಕಾರವೇ, ಆದರೆ ಎಲ್ಲಾ ಕಡೆ ಒಂದೇ ಎತ್ತರ, 34. ಮೂರೂ ಚಿಕ್ಕವೇ, ಹೆಚ್ಚುಕಮ್ಮಿ 8 ಅಡಿಗೆ 7 ಅಡಿ.

ಒಲೆ, ಸಿಂಕ್, ಫ್ರಿಜ್ ನಡುವಿನ ತ್ರಿಕೋನದ ಮೂರು ಬದಿ ಕೂಡಿಸಿದರೆ 13ರಿಂದ 26 ಅಡಿ ಇರಬೇಕು ಅಂತ ಒಂದು ಲೆಕ್ಕ ಇದೆ. ಅದು ಅಮೆರಿಕದ ಅಡುಗೆಮನೆ ನೋಡಿ ಹಾಕಿದ್ದು. ನಮ್ಮ ಮನೆಯಲ್ಲಿ ಟೇಪ್ ಹಿಡಿದರೆ 11 ಅಡಿ ಚಿಲ್ಲರೆ ಬರುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ದೂರ ಜಾಸ್ತಿಯಾಗುವ ಭಯವಿಲ್ಲ. ಸಿಂಕಿನಿಂದ ಒಲೆ ತನಕ ಕೈಗೆ ಕಟ್ಟೆ ಸಿಗುತ್ತದಾ, ಆ ತ್ರಿಕೋನದೊಳಗೆ ಮನೆಯವರೆಲ್ಲ ಹಾದುಹೋಗುತ್ತಾರಾ, ಇವೆರಡು ನೋಡಿಕೊಂಡರೆ ಸಾಕು.

ಬಾಡಿಗೆ ಮನೆ ಸೋತಿದ್ದು ಇಲ್ಲೇ. ಒಲೆ ಒಂದು ಕಡೆ, ಸಿಂಕ್ ಬೆನ್ನ ಹಿಂದೆ, ನಡುವೆ ಮೂರು ಅಡಿ ಜಾಗ. ಅಕ್ಕಿ ತೊಳೆದು ತಿರುಗಿದರೆ ನೀರು ನೆಲಕ್ಕೆ. ಸೊಪ್ಪು ತೊಳೆದು ತಿರುಗಿದರೂ ನೆಲಕ್ಕೆ. ಸಾಲದ್ದಕ್ಕೆ ಯುಟಿಲಿಟಿ ಬಾಗಿಲು ಅದೇ ಸಾಲಿನ ಕೊನೆಯಲ್ಲಿ. ನಾನು ಬಿಸಿ ಕುಕ್ಕರ್ ಹಿಡಿದಿದ್ದಾಗಲೇ ಯಾರಾದರೂ ವಾಷಿಂಗ್ ಮೆಷಿನ್ ಕಡೆ ಹೊರಟಿರುತ್ತಿದ್ದರು. ಕಟ್ಟೆ ಜಾಗ ಮಾತ್ರ ಮೂರರಲ್ಲಿ ಅದೇ ಜಾಸ್ತಿ, ಅದನ್ನು ಒಪ್ಪಲೇಬೇಕು.

ಅಕ್ಕನ ಮನೆಯಲ್ಲಿ ಈ ತೊಂದರೆ ಯಾವುದೂ ಇಲ್ಲ. ಸಿಂಕ್ ಪಕ್ಕ ಎರಡು ಅಡಿ ಕಟ್ಟೆ, ಆಮೇಲೆ ಮೂಲೆ, ಆಮೇಲೆ ಒಲೆ. ತೊಳಿ, ಹೆಚ್ಚು, ಬಾಣಲೆಗೆ ಹಾಕು. ಆದರೂ ರಾತ್ರಿ ಹೊತ್ತಿಗೆ ನನ್ನ ಬಲಭುಜ ಹಿಡಿದುಕೊಳ್ಳುತ್ತಿತ್ತು. ಯಾಕೆ ಅಂತ ಅಳತೆ ಹಾಕಿ ನೋಡಿದೆ.

ನನ್ನ ಎತ್ತರ 5 ಅಡಿ 1 ಇಂಚು. ನೇರ ನಿಂತು ಕೈ ಮಡಚಿದರೆ ಮೊಣಕೈ ನೆಲದಿಂದ 38 ಇಂಚು. ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಆರಾಮ, ಅಂದರೆ 34 ನನಗೆ ಸರಿಯಾಗಿಯೇ ಇದೆ. ಒಲೆ ಕಡೆ ಬಂದಾಗ ಲೆಕ್ಕ ಕೆಡುತ್ತದೆ. ಕಟ್ಟೆ ಮೇಲಿಡುವ ಗ್ಯಾಸ್ ಒಲೆಯೇ ಸುಮಾರು 5 ಇಂಚು, ಅಲ್ಲಿಗೆ 39. ಪಾತ್ರೆಯ ತಳವೇ ಮೊಣಕೈಗಿಂತ ಮೇಲೆ ಹೋಯಿತು. ಅದರ ಮೇಲೆ 8 ಇಂಚಿನ ಕುಕ್ಕರ್ ಇಟ್ಟರೆ ಬಾಯಿ 47 ಇಂಚಿನಲ್ಲಿ, ಹತ್ತಿರ ಹತ್ತಿರ ಭುಜದ ಮಟ್ಟ. ಹುಳಿ ತಿರುವಬೇಕಾದರೆ ಪ್ರತಿಸಲ ಮೊಣಕೈ ಮೇಲೆತ್ತಿ, ಬಗ್ಗಿ ನೋಡುವ ಬದಲು ಇಣುಕಿ ನೋಡಬೇಕು. ಒಗ್ಗರಣೆ ಸಿಡಿದರೆ ನೇರ ಮುಖಕ್ಕೆ.

ನಮ್ಮ ಮನೆಯ 30 ಇಂಚಿನ ಕಟ್ಟೆಯಲ್ಲಿ ಅದೇ ಕುಕ್ಕರ್ ಬಾಯಿ 43ಕ್ಕೆ ಇಳಿಯುತ್ತದೆ, ಬಾಣಲೆ ಇನ್ನೂ ಕೆಳಗೆ. ಪಾತ್ರೆ ಒಳಗೆ ಏನಾಗುತ್ತಿದೆ ಅಂತ ಕಾಣಿಸುತ್ತದೆ. ಒಲೆ ಪಕ್ಕ ಉಳಿದ ಒಂದು ಅಡಿ ಜಾಗದಲ್ಲಿ ಹಿಟ್ಟು ನಾದಿದರೆ ಮೈಭಾರ ತಾನೇ ಬೀಳುತ್ತದೆ, ಚಪಾತಿ ಲಟ್ಟಿಸೋಕೂ ಅದೇ ಜಾಗ. ಮುದ್ದೆಗೆ ಮಾತ್ರ ಪವಾಡ ನಿರೀಕ್ಷಿಸಬೇಡಿ. ಇಬ್ಬರಿಗಾಗುವಷ್ಟು ಮುದ್ದೆಯನ್ನು ಒಲೆ ಮೇಲೇ ಕೋಲು ಹಾಕಿ ತಿರುವಬಹುದು. ನೆಂಟರು ಬಂದ ದಿನ ಪಾತ್ರೆ ಕೆಳಗಿಳಿಸಿ ನೆಲದಲ್ಲಿ ಕೂತೇ ತಿರುವಬೇಕು.

ಈಗ ಕಿರಿಕಿರಿಯ ವಿಷಯ. ಕಟ್ಟೆ ತಗ್ಗಿಸಿದ ಕೂಡಲೇ ಸಿಲಿಂಡರ್ ತಕರಾರು ತೆಗೆಯುತ್ತದೆ. 30 ಇಂಚಿನಲ್ಲಿ ಗ್ರಾನೈಟ್ ಮತ್ತು ಅದರ ಕೆಳಗಿನ ಕಡಪ ಕಲ್ಲಿಗೇ ಎರಡು ಇಂಚು ಹೋಯಿತು, ಉಳಿದದ್ದು 28. ಮನೆ ಸಿಲಿಂಡರ್ ಎರಡು ಅಡಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಬರೀ ಸಿಲಿಂಡರ್ ಹಾಗೂ ಹೀಗೂ ಹೋಗುತ್ತದೆ. ಚಕ್ರದ ಟ್ರಾಲಿ ಮೇಲೆ ಇಟ್ಟರೆ ರೆಗ್ಯುಲೇಟರ್ ಕಲ್ಲಿಗೆ ತಾಗುವಷ್ಟಾಗುತ್ತದೆ. ಟ್ರಾಲಿ ಬೇಡ ಅಂದರೆ, 14.2 ಕೆಜಿ ಗ್ಯಾಸ್ ಜೊತೆ ಕಬ್ಬಿಣದ ತೂಕ ಸೇರಿ 30 ಕೆಜಿ ಆಸುಪಾಸಿನ ಭಾರವನ್ನು ಟೈಲ್ಸ್ ಮೇಲೆ ಎಳೆಯಬೇಕು.

ಅದಕ್ಕಿಂತ ದೊಡ್ಡ ವಿಷಯ ಅಂದರೆ ರೆಗ್ಯುಲೇಟರ್ ಮೇಲೆ ಕೈ ಆಡುವಷ್ಟು ಜಾಗ. ರಾತ್ರಿ ಮಲಗುವ ಮುಂಚೆ ನಾಬ್ ಆಫ್ ಮಾಡುವವರು ನಾವು. ಕಲ್ಲಿಗೂ ರೆಗ್ಯುಲೇಟರಿಗೂ ನಡುವೆ ಬೆರಳು ತುರುಕಿ ತಿರುಗಿಸುವ ಹಾಗಿದ್ದರೆ ನಾಲ್ಕು ದಿನಕ್ಕೆ ಆ ಅಭ್ಯಾಸವೇ ಬಿಟ್ಟುಹೋಗುತ್ತದೆ. ಹಾಗಾಗಿ ಸಿಲಿಂಡರನ್ನು ಒಲೆ ಕೆಳಗೆ ಇಡಲೇ ಇಲ್ಲ. ಮೂಲೆಯ ಪಕ್ಕ, 34 ಇಂಚಿನ ಕಟ್ಟೆ ಕೆಳಗೆ ಇಟ್ಟೆವು. ಟ್ರಾಲಿ ಸಮೇತ ಹಿಡಿಸಿತು. ಒಂದೂವರೆ ಮೀಟರಿನ ಟ್ಯೂಬ್ ಅಲ್ಲಿಂದ ಒಲೆಗೆ ಎಟುಕುತ್ತದೆ, ಆದರೆ ಎಟುಕುತ್ತದಾ ಅಂತ ಕಲ್ಲು ಕೂರಿಸುವ ಮುಂಚೆ ದಾರ ಹಿಡಿದು ನೋಡಿಕೊಳ್ಳಿ. ಟ್ಯೂಬ್ ಬಿಗಿಯಾಗಿ ಎಳೆದ ಹಾಗೆ ಇರಬಾರದು.

ನಾಲ್ಕು ಇಂಚಿನ ಮೆಟ್ಟಿಲು ಮೂಲೆಯಲ್ಲೇ ಬರಲಿ, ಒಲೆಗೆ ಅಂಟಿ ಬೇಡ. ಅಂಟಿದ್ದರೆ ಬಾಣಲೆ ಹಿಡಿ ಕಲ್ಲಿಗೆ ಬಡಿಯುತ್ತದೆ. ಸಂದಿಯಲ್ಲಿ ಎಣ್ಣೆ, ಅರಿಶಿನ ಕೂರುತ್ತದೆ, ದಿನಾ ಒರೆಸಬೇಕು.

ಮಾಡ್ಯುಲರ್ ಕಿಚನ್‌ನವರಿಗೆ ಎರಡು ಎತ್ತರ ಅಂದರೆ ಆಗಲ್ಲ. ಬಾಕ್ಸ್‌ಗಳೆಲ್ಲ ಒಂದೇ ಅಳತೆ, "ಶಟರ್ ಲೈನ್ ಕೂರಲ್ಲ ಮೇಡಂ" ಅಂದರು. ನಮ್ಮ ಬಜೆಟ್ಟಿಗೂ ಅದು ಜಾಸ್ತಿಯೇ ಇತ್ತು. ಮೇಸ್ತ್ರಿ ಕೈಲಿ ಕಡಪ ಕಟ್ಟಿಸಿ, ಬಡಗಿ ಕೈಲಿ ಬಾಗಿಲು ಹಾಕಿಸಿದೆವು. ಮೇಸ್ತ್ರಿ ಹತ್ತಿರ ಒಂದು ಮಾತು ಖಂಡಿತ ಆಡಿ: 30 ಇಂಚು ಎಲ್ಲಿಂದ? ಟೈಲ್ಸ್ ಹಾಕುವ ಮುಂಚಿನ ನೆಲದಿಂದ ಅಳೆದರೆ, ಗಾರೆ ಮತ್ತು ಟೈಲ್ಸ್ ಸೇರಿ ಎರಡು ಇಂಚು ನುಂಗಿ 28 ಉಳಿಯುತ್ತದೆ. ಟೈಲ್ಸ್ ಮೇಲ್ಮಟ್ಟವನ್ನು ಮೊದಲು ಗೋಡೆ ಮೇಲೆ ಗುರುತು ಹಾಕಿಸಿ, ಅಲ್ಲಿಂದ ಅಳೆಸಿ.

ಸಿಂಕ್ ತೊಟ್ಟಿ 8 ಇಂಚು ಆಳ ಸಾಕು. 10 ತಗೊಂಡರೆ ಪಾತ್ರೆ ತೊಳೆಯುವಾಗ ಸೊಂಟ ಹೇಳುತ್ತದೆ.

ಎತ್ತರ ನಿರ್ಧರಿಸುವ ಮುಂಚೆ ಊಟದ ಮೇಜಿನ ಮೇಲೆ ಚಪಾತಿ ಲಟ್ಟಿಸಿ ನೋಡಿ. ಸಾಮಾನ್ಯವಾಗಿ ಮೇಜು 30 ಇಂಚಿನ ಆಸುಪಾಸಿನಲ್ಲಿರುತ್ತದೆ. ಕೆಳಗೆ ಅನಿಸಿದರೆ ಮಣೆ ಕೆಳಗೆ ಹಳೆ ಪುಸ್ತಕ ಸೇರಿಸುತ್ತಾ ಹೋಗಿ. ಅಡುಗೆಮನೆಯಲ್ಲಿ ಚಪ್ಪಲಿ ಹಾಕುವವರು ಹಾಕಿಕೊಂಡೇ ನೋಡಬೇಕು.

ನಮ್ಮವರು 5 ಅಡಿ 8 ಇಂಚು. ದೋಸೆ ಹುಯ್ಯುವಾಗ ಸ್ವಲ್ಪ ಬಗ್ಗುತ್ತಾರೆ, ಗೊಣಗುತ್ತಾರೆ. ಆದರೆ ಅವರು ಒಲೆ ಮುಂದೆ ನಿಲ್ಲುವುದು ಭಾನುವಾರ ಮಾತ್ರ, ಹಾಗಾಗಿ ಅಳತೆ ನನ್ನದೇ. ನಿಮ್ಮ ಮನೆಯಲ್ಲಿ ದಿನಾ ಅಡುಗೆ ಮಾಡುವವರು ಅಷ್ಟು ಎತ್ತರ ಇದ್ದರೆ ಅಕ್ಕನ ಮನೆಯ 34 ಚೆನ್ನಾಗಿಯೇ ನಡೆಯುತ್ತದೆ. ಕಲ್ಲು ಕೊರೆದು ಕೂರಿಸುವ ಹಾಬ್ ತಗೊಳ್ಳುವವರು ಒಲೆ ಕಟ್ಟೆಯನ್ನು 32ಕ್ಕೆ ನಿಲ್ಲಿಸಿದರೂ ಸಾಕು, ಹಾಬ್ ಕಲ್ಲಿನ ಮೇಲೆ ಎರಡು ಇಂಚಿನಷ್ಟೇ ಎದ್ದಿರುತ್ತದೆ.