ಬೆಣ್ಣೆ ಕಾಫಿಯೋ, ಅಣಬೆ ಕಾಫಿಯೋ? ಎರಡನ್ನೂ ಕುಡಿದು ನೋಡಿದೆ

ಮಂಗಳೂರಿನ ಜಿಮ್‌ಗಳಲ್ಲಿ ತಿಂಡಿ ಬಿಟ್ಟು ಬೆಣ್ಣೆ ಕಾಫಿ ಕುಡಿಯುವವರು ಈಗ ಅಲ್ಲಲ್ಲಿ ಸಿಗುತ್ತಾರೆ. ಆಫೀಸಿನವರ ಕೈಯಲ್ಲಿ ಅಣಬೆ ಕಾಫಿಯ ಪ್ಯಾಕೆಟ್. ಎರಡನ್ನೂ ಕೆಲವು ವಾರ ಮನೆಯಲ್ಲೇ ಮಾಡಿ ಕುಡಿದೆ.

ಟಿಬೆಟಿನ ಬೆಣ್ಣೆ ಚಹಾದಿಂದ ಪ್ರೇರಿತರಾಗಿ ಬೆಣ್ಣೆ ಕಾಫಿಯ ಹುಚ್ಚು ಹಿಡಿಸಿದವರು ಅಮೆರಿಕದ ಡೇವ್ ಆಸ್‌ಪ್ರೀ. ಹಾಲಿಲ್ಲದ ಬಿಸಿ ಕಾಫಿಗೆ ಒಂದು ದೊಡ್ಡ ಚಮಚ ಉಪ್ಪಿಲ್ಲದ ಬೆಣ್ಣೆ, ಸಾಮಾನ್ಯವಾಗಿ ತೆಂಗಿನೆಣ್ಣೆಯಿಂದ ಬೇರ್ಪಡಿಸುವ ಎಂಸಿಟಿ ಎಣ್ಣೆಯನ್ನೂ ಒಂದು ದೊಡ್ಡ ಚಮಚ ಹಾಕಿ ಮಿಕ್ಸಿಯಲ್ಲಿ ತಿರುಗಿಸಬೇಕು. ಬರೀ ಚಮಚದಲ್ಲಿ ಕಲಸಿದರೆ ಎಣ್ಣೆ ಮೇಲೆ ತೇಲುತ್ತದೆ, ತುಟಿಗೆ ಅಂಟುತ್ತದೆ. ಸರಿಯಾಗಿ ತಿರುಗಿಸಿದರೆ ನೊರೆ ಬಂದು ರುಚಿ ನಿಜಕ್ಕೂ ಚೆನ್ನಾಗಿರುತ್ತದೆ, ಸುಳ್ಳು ಹೇಳುವುದಿಲ್ಲ.

ತೂಕ ಇಳಿಯುತ್ತದೆ, ತಲೆ ಚುರುಕಾಗುತ್ತದೆ ಅನ್ನುವುದು ಪ್ರಚಾರ. ಎಂಸಿಟಿ ಎಣ್ಣೆ ಯಕೃತ್ತಿನಲ್ಲಿ ಬೇಗ ಕೀಟೋನ್ ಎಂಬ ಇಂಧನ ಆಗುವುದು ನಿಜ, ಹಸಿವೂ ಸ್ವಲ್ಪ ತಡವಾಗಬಹುದು. ಆದರೆ ಆ ಒಂದು ಲೋಟದಲ್ಲಿ 200ಕ್ಕೂ ಹೆಚ್ಚು ಕ್ಯಾಲೊರಿ, ಸುಮಾರು 20 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇದೆ. 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿಯೇ ಸುಮಾರು 22 ಗ್ರಾಂ. ಪ್ರೋಟೀನ್, ನಾರು ಇಲ್ಲವೇ ಇಲ್ಲ ಅನ್ನಬಹುದು. ಕುಡಿದ ಮೇಲೆ ನೀರುದೋಸೆಯನ್ನೂ ತಿಂದರೆ ತೂಕ ಏರುವುದೇ ಸೈ ಮಾರಾಯ್ರೆ. ಎಲ್‌ಡಿಎಲ್ ಕೊಲೆಸ್ಟರಾಲ್ ಜಾಸ್ತಿ ಇರುವವರು ಇದರ ಹತ್ತಿರ ಹೋಗಬಾರದು. ಎಂಸಿಟಿ ಬದಲು ನಮ್ಮ ತೆಂಗಿನೆಣ್ಣೆ ಸಾಕು ಅನ್ನುವವರೂ ಇದ್ದಾರೆ. ಅದರಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ, ಅದು ಅಷ್ಟು ಬೇಗ ಕೀಟೋನ್ ಆಗುವುದಿಲ್ಲ. ಇನ್ನು ಎಂಸಿಟಿಯನ್ನು ಮೊದಲ ದಿನವೇ ಪೂರ್ತಿ ಚಮಚ ಹಾಕಿದರೆ ಹೊಟ್ಟೆ ಕೆಡಬಹುದು.

ಅಣಬೆ ಕಾಫಿ ಅಂದರೆ ಮಳೆಗಾಲದ ನಮ್ಮ ಕಲ್ಲಣಬೆಯಲ್ಲ. ಲಯನ್ಸ್ ಮೇನ್, ಚಾಗಾ, ರೈಶಿ ಅಣಬೆಗಳ ಪುಡಿಯನ್ನು ಇನ್‌ಸ್ಟಂಟ್ ಕಾಫಿಗೆ ಬೆರೆಸಿರುತ್ತಾರೆ. ಮಣ್ಣಿನ ವಾಸನೆ ಇರುವ ತೆಳು ಕಾಫಿ ಅಷ್ಟೇ. ಇದು ನೆನಪಿನ ಶಕ್ತಿ ಹೆಚ್ಚಿಸುತ್ತದೆ ಅನ್ನುವ ಮಾತಿಗೆ ಹೆಚ್ಚಾಗಿ ತೋರಿಸುವುದು 2009ರ ಒಂದು ಜಪಾನಿ ಪ್ರಯೋಗವನ್ನು. ಮರೆವು ಶುರುವಾಗಿದ್ದ ಸುಮಾರು 30 ಹಿರಿಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಸುಮಾರು 3 ಗ್ರಾಂ ಲಯನ್ಸ್ ಮೇನ್ ಪುಡಿಯನ್ನು 16 ವಾರ ಕೊಟ್ಟಿದ್ದರು. ಮರೆವಿನ ಪರೀಕ್ಷೆಯಲ್ಲಿ ಅವರ ಅಂಕ ಏರಿತು, ನಿಲ್ಲಿಸಿದ ಮೇಲೆ ಇಳಿಯಿತು. ನಾನು ತಂದ ಪ್ಯಾಕೆಟ್ಟಿನಲ್ಲಿ ಲೋಟಕ್ಕೆ 250 ಮಿಲಿಗ್ರಾಂ. ಪುಡಿಯ ಲೆಕ್ಕದಲ್ಲಿ 3 ಗ್ರಾಂ ಮುಟ್ಟಬೇಕಾದರೆ ದಿನಕ್ಕೆ 12 ಲೋಟ ಕುಡಿಯಬೇಕು! ಅಣಬೆಯ ಸಾರದಿಂದಲೇ ಮಾಡಿದ ಪುಡಿಯಾದರೆ ಲೆಕ್ಕ ಬೇರೆ, ಆದರೆ ಪ್ರಯೋಗ ನಡೆದದ್ದು ಈ ಕಾಫಿಯ ಮೇಲೆ ಅಲ್ಲ.

ಅಣಬೆ ಕಾಫಿ ಕುಡಿದರೆ ಎದೆ ಡವಗುಟ್ಟುವುದಿಲ್ಲ, ಕೈ ನಡುಗುವುದಿಲ್ಲ ಅನ್ನುವುದು ನನಗೂ ಅನುಭವಕ್ಕೆ ಬಂತು. ಆದರೆ ಕಾಫಿ ಪುಡಿಯೇ ಕಡಿಮೆ ಇರುವುದರಿಂದ ಕೆಫೀನೂ ಕಡಿಮೆ. ಮನೆಯ ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಅರ್ಧ ಮಾಡಿ ಕುಡಿದಾಗಲೂ ಅದೇ ಸಮಾಧಾನ ಸಿಕ್ಕಿತು. ಚಾಗಾದಲ್ಲಿ ಆಕ್ಸಲೇಟ್ ಹೆಚ್ಚು, ಹಾಗಾಗಿ ಕಿಡ್ನಿ ಕಲ್ಲಿನವರಿಗೆ ಬೇಡ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರು ರೈಶಿ ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು.

ರುಚಿಗೆ ನನ್ನ ಓಟು ಬೆಣ್ಣೆಗೆ, ಅದೂ ತಿಂಡಿ ಸಿಗದ ಪ್ರಯಾಣದ ದಿನ ಮಾತ್ರ. ಅಣಬೆ ಪ್ಯಾಕೆಟ್ ಖಾಲಿಯಾದ ಮೇಲೆ ಇನ್ನೊಂದು ತರಲಿಲ್ಲ.